ಕ್ಯಾಟ್ ಅಂಕ, ಗುಂಪು ಚರ್ಚೆ, ಸಂದರ್ಶನ: ಯಾವ ತಕ್ಕಡಿ ನಿಮಗೆ ಅನುಕೂಲ?

ಜನವರಿ ಬಂತೆಂದರೆ ನನಗೆ ಬರುವ ಪ್ರಶ್ನೆಗಳ ಧಾಟಿ ಬದಲಾಗುತ್ತದೆ. ನವೆಂಬರ್‌ವರೆಗೆ ಎಲ್ಲರೂ ಕೇಳುವುದು ಎಂಬಿಎ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ನಲ್ಲಿ ಎಷ್ಟು ಬರಬೇಕು ಎಂದು. ಫಲಿತಾಂಶ ಬಂದ ಮೇಲೆ ಕೇಳುವುದು ಬೇರೆ: "ನನಗೆ 98.5 ಪರ್ಸೆಂಟೈಲ್ ಬಂದಿದೆ, ಗೆಳೆಯನಿಗೆ 99.5. ಇಬ್ಬರಿಗೂ ಒಂದೇ ಕಡೆಯಿಂದ ಸಂದರ್ಶನದ ಕರೆ ಬಂದಿದೆ. ಇನ್ನು ನಾನು ಹೋಗಿ ಪ್ರಯೋಜನವಿದೆಯೇ?" ಕೆಲವು ವರ್ಷಗಳಿಂದ ವಾರಾಂತ್ಯದಲ್ಲಿ ಎಂಬಿಎ ಆಕಾಂಕ್ಷಿಗಳಿಗೆ ಅಣಕು ಸಂದರ್ಶನ ನಡೆಸುತ್ತಿದ್ದೇನೆ. ಈ ಪ್ರಶ್ನೆಗೆ ಸಂಸ್ಥೆ ಯಾವುದು ಎಂದು ಕೇಳದೆ ಉತ್ತರ ಹೇಳಲಾಗುವುದಿಲ್ಲ. ಅದೇ ಅಂಕ, ಅದೇ ಮಾತುಗಾರಿಕೆ ಒಂದು ಕಡೆ ಸೀಟು ಕೊಡಿಸುತ್ತದೆ, ಇನ್ನೊಂದು ಕಡೆ ಕಾಯುವ ಪಟ್ಟಿಯ ತಳಕ್ಕೆ ತಳ್ಳುತ್ತದೆ.

ಆಯ್ಕೆ ಮಾಡುವ ಮುನ್ನ ಮೂರು ಸಂಗತಿ ನೋಡಿಕೊಳ್ಳಿ. ಕರೆ ಬಂದ ಮೇಲೂ ಲಿಖಿತ ಪರೀಕ್ಷೆಯ ಅಂಕ ನಿಜವಾಗಿ ಎಷ್ಟು ಉಳಿದಿರುತ್ತದೆ ಎಂಬುದು ಮೊದಲನೆಯದು. ನಿಮ್ಮನ್ನು ಗುಂಪಿನಲ್ಲಿ ಮಾತನಾಡಿಸುತ್ತಾರೋ, ಬರೆಸುತ್ತಾರೋ, ಒಬ್ಬರನ್ನೇ ಕೂರಿಸಿ ಕೇಳುತ್ತಾರೋ ಎಂಬುದು ಎರಡನೆಯದು. ಮೂರನೆಯದು ದುಡ್ಡು: ಅರ್ಜಿಗೆ, ಪ್ರಯಾಣಕ್ಕೆ, ಕೊನೆಗೆ ಶುಲ್ಕಕ್ಕೆ. ಹೆಚ್ಚಿನವರು ಎಡವುವುದು ಮೊದಲನೆಯದರಲ್ಲಿ. ಹಾಗಾಗಿ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಕಾಗದದ ಮೇಲಿನ ವೇಟೇಜ್ ಬೇರೆ, ಕೆಲಸ ಮಾಡುವ ವೇಟೇಜ್ ಬೇರೆ

ಐಐಎಂ ಕಲ್ಕತ್ತ ಇತ್ತೀಚಿನ ವರ್ಷಗಳಲ್ಲಿ ಅಂತಿಮ ಪಟ್ಟಿಗೆ ಬಳಸಿರುವ ಹಂಚಿಕೆ ಹೀಗಿದೆ: ಸಂದರ್ಶನಕ್ಕೆ 48, ಕ್ಯಾಟ್‌ಗೆ 30, ಬರವಣಿಗೆಯ ಪರೀಕ್ಷೆಗೆ 10, ಕೆಲಸದ ಅನುಭವಕ್ಕೆ 8, ಓದಿದ ವಿಷಯದ ವೈವಿಧ್ಯಕ್ಕೆ 4. ಇದನ್ನು ನೋಡಿದವರು "ಕ್ಯಾಟ್‌ಗೆ ಮೂವತ್ತು ಇದೆಯಲ್ಲ, ಪರವಾಗಿಲ್ಲ" ಎಂದುಕೊಳ್ಳುತ್ತಾರೆ. ಆದರೆ ಆ ಮೂವತ್ತರಲ್ಲಿ ನೀವು ಪಕ್ಕದವರಿಗಿಂತ ಎಷ್ಟು ಮುಂದೆ ಹೋಗಬಲ್ಲಿರಿ? ಸಂದರ್ಶನಕ್ಕೆ ಬಂದವರೆಲ್ಲ ಆಗಲೇ ಒಂದು ಜರಡಿಯಲ್ಲಿ ಉಳಿದವರು. ಕರೆಯ ಹಂತದಲ್ಲಿ ಇದೇ ಸಂಸ್ಥೆ ಕ್ಯಾಟ್‌ಗೆ ಅರ್ಧಕ್ಕಿಂತ ಹೆಚ್ಚು ತೂಕ ಕೊಟ್ಟಿರುತ್ತದೆ. ಹೀಗೆ ಸೋಸಿದ ಮೇಲೆ ಒಳಗಿರುವವರ ಅಂಕಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಸಂದರ್ಶನದ ಅಂಕ ಹಾಗಲ್ಲ. 48ರಲ್ಲಿ ಒಬ್ಬರಿಗೆ 18 ಬೀಳಬಹುದು, ಇನ್ನೊಬ್ಬರಿಗೆ 38. ಒಂದು ಅಂಶ ಎಷ್ಟು ಹರಡಿಕೊಂಡಿದೆಯೋ ಅಷ್ಟು ಅದರ ಮಾತು ನಡೆಯುತ್ತದೆ, ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಅಂಕ ಬರುವ ಅಂಶಕ್ಕೆ ಎಷ್ಟೇ ವೇಟೇಜ್ ಕೊಟ್ಟರೂ ಅದು ಯಾರನ್ನೂ ಮೇಲೆ ಕೆಳಗೆ ಮಾಡುವುದಿಲ್ಲ.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ಸಂಸ್ಥೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ನೂರಕ್ಕೆ ಎಷ್ಟು ಜನರಿಗಿಂತ ನೀವು ಮುಂದಿದ್ದೀರಿ ಎಂದು ಹೇಳುವ ಪರ್ಸೆಂಟೈಲನ್ನೋ, ಬೇರೆ ಬೇರೆ ಪ್ರಶ್ನೆಪತ್ರಿಕೆಗಳನ್ನು ಸರಿದೂಗಿಸಿ ಕ್ಯಾಟ್ ಕೊಡುವ ಸ್ಕೇಲ್ಡ್ ಅಂಕವನ್ನೋ? ಪರ್ಸೆಂಟೈಲ್ ಆದರೆ 99.5 ಮತ್ತು 98.5ರ ನಡುವೆ ಇರುವುದು ಒಂದೇ ಒಂದು. ಅದಕ್ಕೆ 30ರ ವೇಟೇಜ್ ಹಚ್ಚಿದರೆ 29.85 ಮತ್ತು 29.55. ವ್ಯತ್ಯಾಸ 0.3. ಸಂದರ್ಶಕರು ಒಂದು ಉತ್ತರಕ್ಕೆ ತಲೆಯಾಡಿಸಿದರೆ ಅಷ್ಟು ಸಿಕ್ಕಿಬಿಡುತ್ತದೆ. ಸ್ಕೇಲ್ಡ್ ಅಂಕವಾದರೆ ಕತೆ ಬೇರೆ. ಪರ್ಸೆಂಟೈಲಿನ ತುದಿಯಲ್ಲಿ ಅಂಕಗಳು ಬಹಳ ದೂರ ದೂರ ಇರುತ್ತವೆ, 95ರಿಂದ 96ಕ್ಕೆ ಹತ್ತಲು ಕೆಲವೇ ಅಂಕ ಸಾಕು, 99ರಿಂದ 99.9ಕ್ಕೆ ಹತ್ತಲು ಹಲವು ಪ್ರಶ್ನೆಗಳೇ ಬೇಕು. ಹಾಗಾಗಿ ಸ್ಕೇಲ್ಡ್ ಅಂಕ ಬಳಸುವ ಕಡೆ 99.5ರವನಿಗೆ ನಿಜವಾದ ಮುನ್ನಡೆ ಇರುತ್ತದೆ. ಪ್ರವೇಶ ನೀತಿಯ ಕಡತದಲ್ಲಿ ಈ ಒಂದು ಪದವನ್ನು ಹುಡುಕಿ ಓದಿ. ಹಂಚಿಕೆ ಪ್ರತಿವರ್ಷ ಸ್ವಲ್ಪ ಬದಲಾಗುವುದರಿಂದ ಆ ವರ್ಷದ ಕಡತವೇ ಬೇಕು, ಹಿರಿಯರು ಕಳಿಸಿದ ಹಳೆಯ ಚಿತ್ರ ಸಾಲದು.

ಇಬ್ಬರು ಅಭ್ಯರ್ಥಿಗಳು, ಮೂರು ತಕ್ಕಡಿ

ಲೆಕ್ಕಕ್ಕೆಂದು ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಮೈಸೂರಿನ ಹುಡುಗ, ಎಂಜಿನಿಯರಿಂಗ್ ಕೊನೆಯ ವರ್ಷ, ಕ್ಯಾಟ್ 99.5. ಇನ್ನೊಬ್ಬಳು ಹಾಸನದ ಹುಡುಗಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ, ಬಿಕಾಂ ಮುಗಿಸಿ ಒಂದೂವರೆ ವರ್ಷ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ, ಕ್ಯಾಟ್ 98.5. ಸ್ಕೇಲ್ಡ್ ಅಂಕದ ಲೆಕ್ಕದಲ್ಲಿ, ಲಿಖಿತ ಪರೀಕ್ಷೆಗಿರುವ ತೂಕದಲ್ಲಿ ಅವನಿಗೆ ಶೇಕಡಾ 80ರಷ್ಟು, ಅವಳಿಗೆ ಶೇಕಡಾ 66.7ರಷ್ಟು ಸಿಗುತ್ತದೆ ಎಂದಿಟ್ಟುಕೊಳ್ಳೋಣ. ಸಂದರ್ಶನದಲ್ಲಿ ಅವನದು ಸಾಧಾರಣ, 48ಕ್ಕೆ 25. ತನ್ನ ಕೆಲಸವನ್ನು ಬಲ್ಲ ಅವಳಿಗೆ 33. ಬರವಣಿಗೆಯಲ್ಲಿ ಹತ್ತಕ್ಕೆ ಅವನಿಗೆ 5, ಅವಳಿಗೆ 6.

ಮೊದಲನೆಯದು ಸಂದರ್ಶನ ಭಾರವಾದ ತಕ್ಕಡಿ, ಕಲ್ಕತ್ತದ ಮಾದರಿ. ಅವನು 24, 25, 5 ಸೇರಿ 54. ಅವಳು 20, 33, 6 ಸೇರಿ 59. ಅನುಭವಕ್ಕೆ ಸಿಗುವ ಅಂಕ ಇದರ ಮೇಲೆ ಬರುತ್ತದೆ, ಅದೂ ಅವಳ ಪಾಲಿಗೇ. ಪರೀಕ್ಷೆಯಲ್ಲಿ ಅವನು ಗಳಿಸಿದ ನಾಲ್ಕಂಕದ ಮುನ್ನಡೆಯನ್ನು ಇಪ್ಪತ್ತು ನಿಮಿಷದ ಮಾತು ನುಂಗಿ ಹಾಕಿತು. ಐಐಎಂ ಬೆಂಗಳೂರು, ಅಹಮದಾಬಾದ್‌ಗಳೂ ಇದೇ ಜಾತಿ. ಅಹಮದಾಬಾದ್ ಸಂದರ್ಶನಕ್ಕೇ ಸುಮಾರು ಅರ್ಧ ತೂಕ ಕೊಡುತ್ತ ಬಂದಿದೆ, ಬೆಂಗಳೂರು ಸುಮಾರು 40.

ಎರಡನೆಯದು ಅಂಕ ಭಾರವಾದ ತಕ್ಕಡಿ. ದೆಹಲಿ ವಿಶ್ವವಿದ್ಯಾಲಯದ ಎಂಬಿಎ ವಿಭಾಗವಾದ ಎಫ್‌ಎಂಎಸ್ ಈ ಸಾಲಿನದು, ಅಂತಿಮ ಪಟ್ಟಿಯಲ್ಲೂ ಕ್ಯಾಟ್‌ಗೆ ದೊಡ್ಡ ಪಾಲು ಇಟ್ಟುಕೊಳ್ಳುವುದಕ್ಕೆ ಹೆಸರಾದದ್ದು. ಅಲ್ಲಿ ಸಂದರ್ಶನದ ಜತೆ ಒಂದು ಆಶುಭಾಷಣವೂ ಇರುತ್ತದೆ: ವಿಷಯ ಕೊಟ್ಟು ಒಂದೆರಡು ನಿಮಿಷ ಮಾತನಾಡಿ ಎನ್ನುತ್ತಾರೆ. ಈ ಜಾತಿಯ ಒಂದು ಸಂಸ್ಥೆ ಕ್ಯಾಟ್‌ಗೆ 60, ಮಾತಿಗೆ 15 ಇಟ್ಟಿದೆ ಎಂದುಕೊಳ್ಳಿ. ಅವನಿಗೆ ಕ್ಯಾಟ್‌ನಿಂದ 48, ಅವಳಿಗೆ 40. ಮಾತಿನಲ್ಲಿ ಅದೇ ಪ್ರಮಾಣದಲ್ಲಿ ಅವನಿಗೆ 7.8, ಅವಳಿಗೆ 10.3. ಒಟ್ಟು 55.8 ಮತ್ತು 50.3. ಮೊದಲ ತಕ್ಕಡಿಯಲ್ಲಿ ಐದಂಕ ಸೋತಿದ್ದವನು ಇಲ್ಲಿ ಐದೂವರೆ ಅಂಕ ಮುಂದೆ. ಅವಳು ಸಂದರ್ಶನದಲ್ಲಿ ಪೂರ್ತಿ 15 ಪಡೆದರೂ 55, ಅವನನ್ನು ಹಿಂದಿಕ್ಕಲಾಗದು.

ಮೂರನೆಯದು ಮಿಶ್ರ ತಕ್ಕಡಿ. ಸಿಂಬಯಾಸಿಸ್ ಸಂಸ್ಥೆಗಳಲ್ಲಿ ಸ್ನ್ಯಾಪ್ ಪರೀಕ್ಷೆಗೆ ಸುಮಾರು ಅರ್ಧ, ಉಳಿದರ್ಧ ಗುಂಪು ಚಟುವಟಿಕೆ, ಬರವಣಿಗೆ, ಸಂದರ್ಶನಗಳಿಗೆ ಎಂಬ ಮಾದರಿ ಬಳಕೆಯಲ್ಲಿದೆ. ಪರೀಕ್ಷೆ ಬೇರೆಯಾದರೂ ನಮ್ಮವರ ಮಟ್ಟ ಅದೇ ಎಂದಿಟ್ಟುಕೊಂಡು, ಪರೀಕ್ಷೆಗೆ 50, ಸಂದರ್ಶನಕ್ಕೆ 30, ಗುಂಪಿಗೆ 10, ಬರವಣಿಗೆಗೆ 10 ಎಂದು ಹಂಚೋಣ. ಗುಂಪನ್ನು ಬಿಟ್ಟು ಕೂಡಿದರೆ ಅವನು 60.6, ಅವಳು 60. ಒಂದಂಕವೂ ಅಂತರವಿಲ್ಲ. ಈಗ ಗುಂಪಿನಲ್ಲಿ ಅವನಿಗೆ 6, ಅವಳಿಗೆ 7 ಬಂದರೆ ಅವಳ ಸೀಟು, ಅವನಿಗೆ 8, ಅವಳಿಗೆ 4 ಬಂದರೆ ಅವನದು. ನೂರರಲ್ಲಿ ಕೇವಲ ಹತ್ತು ಎಂದು ಎಲ್ಲರೂ ಹಗುರವಾಗಿ ಕಾಣುವ ಗುಂಪು ಚರ್ಚೆಯೇ ಇಲ್ಲಿ ತೀರ್ಪು ಕೊಡುತ್ತಿದೆ.

ನಾಲ್ಕನೆಯದೂ ಒಂದಿದೆ, ಅದನ್ನು ತಕ್ಕಡಿ ಎನ್ನುವ ಹಾಗಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪ್ರವೇಶ ಪರೀಕ್ಷೆ ಪಿಜಿಸಿಇಟಿಯಲ್ಲಿ ಮಾತಿಗೆ ಅಂಕವೇ ಇಲ್ಲ. ನೂರು ಪ್ರಶ್ನೆ, ರ‍್ಯಾಂಕ್, ಕೌನ್ಸೆಲಿಂಗ್, ಸೀಟು. ಮೈಸೂರು ವಿಶ್ವವಿದ್ಯಾಲಯದ ಬಹದ್ದೂರ್ ಸಂಸ್ಥೆಯಂತಹ ಕಡೆಗೆ ಇದೇ ದಾರಿ. ಮಾತಿಗೆ ಹೆದರುವವರು ಇದೊಂದೇ ಸಾಕೆಂದು ಕೂರುವುದನ್ನು ಕಂಡಿದ್ದೇನೆ. ಪ್ರವೇಶಕ್ಕೆ ಸಂದರ್ಶನವಿಲ್ಲ ನಿಜ, ಎರಡು ವರ್ಷದ ನಂತರ ಕೆಲಸಕ್ಕೆ ಅದೇ ಸಂದರ್ಶನ, ಅದೇ ಗುಂಪು ಚರ್ಚೆ ಎದುರಾಗುತ್ತದೆ. ಶುಲ್ಕದ ಕಾರಣಕ್ಕೆ ಇದನ್ನು ಆರಿಸಿಕೊಂಡರೆ ಒಳ್ಳೆಯ ಆಯ್ಕೆ, ಹೆದರಿಕೆಯ ಕಾರಣಕ್ಕೆ ಆರಿಸಿಕೊಂಡರೆ ಹೆದರಿಕೆಯನ್ನು ಎರಡು ವರ್ಷ ಮುಂದಕ್ಕೆ ಹಾಕಿದಂತೆ ಅಷ್ಟೆ.

ಗುಂಪು, ಬರಹ, ಸಂದರ್ಶನ: ನಿಮ್ಮದು ಯಾವುದು?

ಗುಂಪು ಚರ್ಚೆಯ ಗಣಿತವೇ ಕ್ರೂರವಾದದ್ದು. ಹತ್ತು ಜನ, ಹದಿನೈದು ನಿಮಿಷ. ಸಮನಾಗಿ ಹಂಚಿದರೂ ಒಬ್ಬರಿಗೆ ತೊಂಬತ್ತು ಸೆಕೆಂಡ್, ಸಮನಾಗಿ ಯಾರೂ ಹಂಚುವುದಿಲ್ಲ. ಕಳೆದ ಚಳಿಗಾಲ ವಿಜಯನಗರದ ಒಂದು ಮಹಡಿಯ ಕೋಣೆಯಲ್ಲಿ ನಡೆಸಿದ ಅಣಕು ಚರ್ಚೆ ಕಣ್ಣಿಗೆ ಕಟ್ಟಿದಂತಿದೆ. ವಿಷಯ: ಮಕ್ಕಳಿಲ್ಲದ ಸರ್ಕಾರಿ ಶಾಲೆಗಳನ್ನು ಪಕ್ಕದ ಊರಿನ ಶಾಲೆಯೊಂದಿಗೆ ಸೇರಿಸಬೇಕೆ? ಮೊದಲ ನಾಲ್ಕು ನಿಮಿಷ ನಾಲ್ಕೇ ಕಂಠ. ಮೂಲೆಯಲ್ಲಿ ಚಾಮರಾಜನಗರ ಕಡೆಯ ಹುಡುಗಿಯೊಬ್ಬಳು ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಕುಳಿತಿದ್ದಳು. ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಯಾರೋ ಮೇಲೆ ಬಿದ್ದರು. ಹತ್ತನೆಯ ನಿಮಿಷಕ್ಕೆ ಒಂದು ಕ್ಷಣ ಎಲ್ಲರೂ ಉಸಿರು ತೆಗೆದುಕೊಂಡಾಗ ಅವಳೆಂದಳು: "ಖರ್ಚಿನ ಮಾತು ಬಂತು, ಗುಣಮಟ್ಟದ ಮಾತು ಬಂತು. ಆರು ವರ್ಷದ ಮಗು ಮೂರು ಕಿಲೋಮೀಟರ್ ಹೇಗೆ ಹೋಗುತ್ತದೆ ಎಂದು ಯಾರೂ ಹೇಳಲಿಲ್ಲ. ಬಸ್ ಕೊಡುವುದಾದರೆ ಉಳಿತಾಯ ಎಷ್ಟು ಉಳಿಯುತ್ತದೆ?" ಅಲ್ಲಿಂದ ಮುಂದಿನ ಐದು ನಿಮಿಷ ಎಲ್ಲರೂ ಮಾತನಾಡಿದ್ದು ಬಸ್ಸಿನ ಬಗ್ಗೆಯೇ.

ನಾನು ಹಾಳೆಯಲ್ಲಿ ಎರಡು ಗುರುತು ಹಾಕುತ್ತೇನೆ. ಯಾರು ಎಷ್ಟು ಸಲ ಮಾತನಾಡಿದರು ಎಂಬುದಕ್ಕೆ ಗೀಟು, ಅವರ ಮಾತನ್ನು ಇನ್ನೊಬ್ಬರು ಎತ್ತಿಕೊಂಡರೆ ಅದರ ಸುತ್ತ ಸುನ್ನೆ. ಮೊದಲು ಬಾಯಿ ತೆರೆದವನಿಗೆ ಒಂಬತ್ತು ಗೀಟು, ಒಂದೂ ಸುನ್ನೆಯಿಲ್ಲ. ಅವಳಿಗೆ ಎರಡು ಗೀಟು, ಎರಡಕ್ಕೂ ಸುನ್ನೆ. ನನ್ನ ಹಾಳೆಯಲ್ಲಿ ಅವಳಿಗೇ ಹೆಚ್ಚು ಅಂಕ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಆ ಒಂದು ಕ್ಷಣದ ಮೌನ ಸಿಗದಿದ್ದರೆ ಅವಳಿಗೆ ಸಿಗುತ್ತಿದ್ದದ್ದು ಸೊನ್ನೆ, ಒಂಬತ್ತು ಗೀಟಿನವನಿಗೆ ಕನಿಷ್ಠ ಏನಾದರೂ ಸಿಗುತ್ತಿತ್ತು. ಗುಂಪು ಚರ್ಚೆಯಲ್ಲಿ ಅದೃಷ್ಟದ ಪಾಲು ಮೂರರಲ್ಲೂ ಹೆಚ್ಚು. ಯಾವ ಗುಂಪಿಗೆ ಬಿದ್ದಿರಿ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಐಐಎಂಗಳು 2011-12ರ ಹೊತ್ತಿಗೆ ಗುಂಪು ಚರ್ಚೆಯಿಂದ ಬರವಣಿಗೆಯ ಕಡೆಗೆ ಹೊರಳಿದವು. ನನ್ನ ಮಟ್ಟಿಗೆ ಅದು ಮೆಲ್ಲಗೆ ಮಾತನಾಡುವ ನಮ್ಮ ಜಿಲ್ಲೆಗಳ ಮಕ್ಕಳಿಗೆ ಆದ ದೊಡ್ಡ ಅನುಕೂಲ.

ಬರವಣಿಗೆಯ ಪರೀಕ್ಷೆಯನ್ನು ವ್ಯಾಟ್ ಎನ್ನುತ್ತಾರೆ. ಬಿಕಾಂ ಓದಿದವರಿಗೆ ತೆರಿಗೆ ನೆನಪಾದರೆ ತಪ್ಪಲ್ಲ. ಇಪ್ಪತ್ತು ಮೂವತ್ತು ನಿಮಿಷ, ಎರಡು ಮೂರು ನೂರು ಪದ. ಇದರಲ್ಲಿ ಬಹುತೇಕರು ಹತ್ತಕ್ಕೆ 5ರಿಂದ 7ರ ಒಳಗೇ ಇರುತ್ತಾರೆ, ಅಂದರೆ ಮೇಲೆ ಹೇಳಿದ ಹರಡುವಿಕೆ ಕಡಿಮೆ. ತೀರಾ ಕೆಟ್ಟದಾಗಿ ಬರೆಯದಷ್ಟು ತಯಾರಿ ಸಾಕು, ಉಳಿದ ಸಮಯ ಸಂದರ್ಶನಕ್ಕೆ ಕೊಡಿ.

ಸಂದರ್ಶನದಲ್ಲಿ ಇಪ್ಪತ್ತು ನಿಮಿಷ ಪೂರ್ತಿ ನಿಮ್ಮದೇ. ಇಂಗ್ಲಿಷಿನಲ್ಲಿ ತಡವರಿಸಿದರೂ ಯಾರೂ ಮೇಲೆ ಬೀಳುವುದಿಲ್ಲ, ವಾಕ್ಯ ಮುಗಿಯುವವರೆಗೆ ಕಾಯುತ್ತಾರೆ. ಕೇಳುವುದು ಹೆಚ್ಚಾಗಿ ನೀವು ಬರೆದುಕೊಟ್ಟದ್ದರ ಮೇಲೆಯೇ: ಓದಿದ ವಿಷಯ, ಮಾಡಿದ ಕೆಲಸ, ಹುಟ್ಟಿದ ಊರು. ತಿಪಟೂರಿನವನೊಬ್ಬ ಬಜೆಟ್ಟಿನ ವಿತ್ತೀಯ ಕೊರತೆಯನ್ನು ಅರೆದು ಕುಡಿದು ಹೋಗಿದ್ದ. ಅವರು ಕೇಳಿದ್ದು "ನಿಮ್ಮ ಊರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ದರ ಹೇಗೆ ನಿಗದಿಯಾಗುತ್ತದೆ?" ಎಂದು. ಇವನ ತಂದೆ ವರ್ಷಕ್ಕೆ ನಾಲ್ಕು ಸಲ ಅದೇ ಎಪಿಎಂಸಿಗೆ ಕೊಬ್ಬರಿ ಹೊತ್ತು ಹೋಗುತ್ತಾರೆ. ಹರಾಜೋ ಟೆಂಡರೋ ಎಂದು ಹೇಳಲು ಇವನಿಗೆ ಬರಲಿಲ್ಲ. ಮುಂದೆ ಬೆಂಬಲ ಬೆಲೆ, ದಾಸ್ತಾನು, ಎಣ್ಣೆಯ ಆಮದು ಎಂದು ಪ್ರಶ್ನೆಗಳ ಸರಪಳಿ ಬೆಳೆದು, ಹದಿನೈದು ನಿಮಿಷ ಅಲ್ಲೇ ಹೋಯಿತು. ಅವನಿಗೆ ಆ ಸೀಟು ಸಿಗಲಿಲ್ಲ. ಇಂಗ್ಲಿಷ್ ಸರಿಯಿರಲಿಲ್ಲ ಎಂದು ಅವನು ಇಂದಿಗೂ ನಂಬಿದ್ದಾನೆ.

ಇದನ್ನು ನೀವೇ ಪರೀಕ್ಷಿಸಿಕೊಳ್ಳಬಹುದು. ಮೊಬೈಲಿನಲ್ಲಿ ನಿಮ್ಮ ಅಣಕು ಸಂದರ್ಶನವೊಂದನ್ನು ಧ್ವನಿಮುದ್ರಿಸಿ, ಪ್ರತಿ ವಿಷಯದ ಮೇಲೆ ಎಷ್ಟನೆಯ ಮರುಪ್ರಶ್ನೆಗೆ ನಿಮ್ಮ ಉತ್ತರ ಒಣಗುತ್ತದೆ ಎಂದು ಎಣಿಸಿ. ಮೊದಲ ಪ್ರಶ್ನೆಗೇ ಒಣಗಿದರೆ ವಿಷಯ ಗೊತ್ತಿಲ್ಲ. ಮೂರನೆಯದಕ್ಕೆ ಒಣಗಿದರೆ ಓದಿದ್ದೀರಿ, ಯೋಚಿಸಿಲ್ಲ. ನಾಲ್ಕೈದನ್ನು ದಾಟುವ ಎರಡು ವಿಷಯಗಳು ನಿಮ್ಮ ಬಳಿ ಇದ್ದರೆ ಸಂದರ್ಶನ ಭಾರವಾದ ಸಂಸ್ಥೆಗಳೇ ನಿಮ್ಮವು, ಕ್ಯಾಟ್‌ನಲ್ಲಿ ಗೆಳೆಯನಿಗಿಂತ ಒಂದು ಪರ್ಸೆಂಟೈಲ್ ಕಡಿಮೆ ಬಂದರೂ ಅಡ್ಡಿಯಿಲ್ಲ.

ಹಳೆಯ ಅಂಕಪಟ್ಟಿ ಮತ್ತು ದುಡ್ಡು

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಗಳನ್ನು ಈಗ ಬದಲಿಸಲಾಗದು, ಆದರೆ ಅವು ಎಲ್ಲಿ ಲೆಕ್ಕಕ್ಕೆ ಬರುತ್ತವೆ ಎಂದು ನೋಡಿ ಆರಿಸಿಕೊಳ್ಳಬಹುದು. ಐಐಎಂ ಬೆಂಗಳೂರು ಕರೆಗೂ ಅಂತಿಮ ಪಟ್ಟಿಗೂ ಇವನ್ನು ಪರಿಗಣಿಸುತ್ತ ಬಂದಿದೆ. ಒಂದೊಂದು ಮಂಡಳಿ ಒಂದೊಂದು ರೀತಿ ಅಂಕ ಕೊಡುವುದರಿಂದ, ಆಯಾ ಮಂಡಳಿಯ ಮೇಲ್ತುದಿಯವರ ಅಂಕಕ್ಕೆ ಹೋಲಿಸಿ ಸರಿದೂಗಿಸುವ ಪದ್ಧತಿಯನ್ನೂ ಇಟ್ಟುಕೊಂಡಿದೆ. ಕಲ್ಕತ್ತದಲ್ಲಿ ಅವು ಕರೆಯ ಹಂತದಲ್ಲೇ ಮುಗಿದುಹೋಗುತ್ತವೆ. ಹತ್ತನೆಯ ತರಗತಿಯಲ್ಲಿ 72 ಬಂದವರು ಕಲ್ಕತ್ತದ ಕರೆ ಹೇಗೋ ಸಿಕ್ಕಿದ್ದರೆ ಅದನ್ನು ಚಿನ್ನದಂತೆ ನೋಡಿಕೊಳ್ಳಬೇಕು, ಆ 72 ಮುಂದೆ ನಿಮ್ಮನ್ನು ಕಾಡುವುದಿಲ್ಲ.

ಖರ್ಚಿನ ವಿಷಯ ಚಿಕ್ಕದಾಗಿ. ಕ್ಯಾಟ್ 2024ರ ಶುಲ್ಕ 2500 ರೂಪಾಯಿ, ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ 1250. ಎಲ್ಲ ಐಐಎಂಗಳಿಗೂ ಅದೊಂದೇ ಅರ್ಜಿ ಸಾಕು. ಹೊರಗಿನ ಸಂಸ್ಥೆಗಳಿಗೆ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಶುಲ್ಕ. ಸ್ನ್ಯಾಪ್ ಪರೀಕ್ಷೆಯನ್ನು ಮೂರು ಸಲದವರೆಗೆ ಬರೆದು ಉತ್ತಮ ಅಂಕವನ್ನು ಉಳಿಸಿಕೊಳ್ಳಬಹುದು, ಪ್ರತಿ ಸಲಕ್ಕೂ ಹಣ ಕಟ್ಟಬೇಕು. ಅರ್ಧ ತೂಕ ಪರೀಕ್ಷೆಗೇ ಇರುವ ಕಡೆ ಎರಡನೆಯ ಸಲ ಬರೆಯುವುದು ನಷ್ಟದ ಮಾತಲ್ಲ. ಹೊಸ ಐಐಎಂಗಳಲ್ಲಿ ಕೆಲವು ಸೇರಿ ಒಂದೇ ಸಂದರ್ಶನ ನಡೆಸುತ್ತವೆ. ಬೆಂಗಳೂರಿನಲ್ಲೇ ಕೇಂದ್ರ ಸಿಕ್ಕರೆ ಒಂದು ಬಸ್ ಟಿಕೆಟ್ಟಿನಲ್ಲಿ ಹಲವು ಸಂಸ್ಥೆಗಳ ಕೆಲಸ ಮುಗಿಯುತ್ತದೆ. ಆದರೆ ಒಂದು ದಿನ ಮಾತು ಕೆಟ್ಟರೆ ಎಲ್ಲ ಕಡೆಯೂ ಕೆಟ್ಟಂತೆ. ಶುಲ್ಕದಲ್ಲಿ ಅಜಗಜಾಂತರ: ದೊಡ್ಡ ಐಐಎಂಗಳಲ್ಲಿ ಎರಡು ವರ್ಷಕ್ಕೆ ಇಪ್ಪತ್ತು ಲಕ್ಷ ದಾಟುತ್ತದೆ, ಎಫ್‌ಎಂಎಸ್‌ನಲ್ಲಿ ಅದರ ಒಂದು ಸಣ್ಣ ಪಾಲು. ಇಷ್ಟು ಕಡಿಮೆ ಶುಲ್ಕದ ದೊಡ್ಡ ಸಂಸ್ಥೆ ಅಂಕಕ್ಕೇ ಹೆಚ್ಚು ತೂಕ ಕೊಡುವುದರಿಂದ, ಸಾಲ ಬೇಡ ಎನ್ನುವವರು ಕ್ಯಾಟ್‌ನಲ್ಲೇ ಬೆವರು ಹರಿಸಬೇಕು. ಸಂದರ್ಶನದಲ್ಲಿ ನೋಡಿಕೊಳ್ಳೋಣ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ.

ನಮ್ಮ ಹಾಸನದ ಹುಡುಗಿಯಂತಹವರು ನನ್ನ ಮುಂದೆ ಕುಳಿತರೆ ನಾನು ಹೇಳುವುದು ಇದು. ಸಂದರ್ಶನ ಭಾರವಾದ ಕಡೆಯ ಒಂದು ಕರೆ ಬಂದರೂ ಫೆಬ್ರವರಿ ಪೂರ್ತಿ ಅದಕ್ಕೇ ಇಡು, ಲೆಕ್ಕಪರಿಶೋಧನೆಯ ಕಚೇರಿಯಲ್ಲಿ ನೀನೇ ಕೈಯಾರೆ ಮಾಡಿದ ಎರಡು ಕೆಲಸಗಳನ್ನು ಐದು ಮರುಪ್ರಶ್ನೆಯವರೆಗೆ ಸಿದ್ಧಮಾಡು. ಮಿಶ್ರ ತಕ್ಕಡಿಯ ಕರೆ ಇದ್ದರೆ ವಾರಕ್ಕೆ ಎರಡು ಗುಂಪು ಚರ್ಚೆಯಲ್ಲಿ ಕೂರು, ಒಂದೇ ಗುರಿ: ನಾಲ್ಕನೆಯ ನಿಮಿಷದೊಳಗೆ ಒಂದು ಮಾತು. ಅಂಕ ಭಾರವಾದ ಕಡೆಯ ಕರೆಗೆ ಹೋಗಿ ಬಾ, ರೈಲಿನ ಖರ್ಚು ಕೈಯಲ್ಲಿದ್ದರೆ ಮಾತ್ರ. ಮೈಸೂರಿನ ಹುಡುಗನಿಗೆ ಇದನ್ನೇ ತಿರುಗಿಸಿ ಹೇಳುತ್ತೇನೆ, ಜತೆಗೆ ಒಂದು ಸಂಖ್ಯೆಯನ್ನೂ ಕೊಡುತ್ತೇನೆ: ಕಲ್ಕತ್ತದ ತಕ್ಕಡಿಯಲ್ಲಿ ಅವಳ ಅನುಭವದ ಅಂಕ ಬಿಟ್ಟು ಲೆಕ್ಕ ಹಾಕಿದರೂ, ಅವಳನ್ನು ಸರಿಗಟ್ಟಲು ಅವನ ಸಂದರ್ಶನ 25ರಿಂದ 30ಕ್ಕೆ ಏರಬೇಕು. ಅದಕ್ಕೂ ಮೊದಲು ಅವನು ತನ್ನ ಕೊನೆಯ ವರ್ಷದ ಪ್ರಾಜೆಕ್ಟನ್ನು ನನಗೆ ಎರಡು ನಿಮಿಷದಲ್ಲಿ, ಚೀಟಿ ನೋಡದೆ, ಹೇಳಿ ತೋರಿಸಲಿ.